ಸಣ್ಣ ಮನೆಗೊಂದು ಬಾರ್ ಚಾರ್ಟ್: 120 ದಿನದಲ್ಲಿ ಕೆಂಪು ಗೆರೆ ಹಾದುಹೋಗುವ ದಾರಿ

ಮನೆ ಚಿಕ್ಕದು. ನೆಲಮಹಡಿ ಮಾತ್ರ, 10 ಮೀಟರ್ ಉದ್ದ, 9 ಮೀಟರ್ ಅಗಲ. ಹನ್ನೆರಡು ಕಾಲಂ ನಿಲ್ಲಿಸಿ, ಮೋಲ್ಡ್ ಹಾಕಿ, ಆಮೇಲೆ ಬ್ಲಾಕ್ ಗೋಡೆ ಕಟ್ಟುವ ಕ್ರಮ. ಇದಕ್ಕೆ ಪ್ರತಿ ಕೆಲಸವನ್ನೂ ದಿನಗಳ ಉದ್ದಕ್ಕೆ ಒಂದು ಪಟ್ಟಿಯಾಗಿ ಎಳೆದು ತೋರಿಸುವ ಬಾರ್ ಚಾರ್ಟ್ ಯಾಕೆ, ಮೇಸ್ತ್ರಿಗೆ ಎಲ್ಲ ಗೊತ್ತಿರುತ್ತದಲ್ಲ ಎನ್ನುವವರಿದ್ದಾರೆ. ಮೇಸ್ತ್ರಿಗೆ ಯಾವ ಕೆಲಸದ ನಂತರ ಯಾವುದು ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. ಯಾವ ಕೆಲಸ ಎರಡು ದಿನ ತಡವಾದರೆ ಗೃಹಪ್ರವೇಶವೂ ಎರಡು ದಿನ ಮುಂದೆ ಹೋಗುತ್ತದೆ, ಯಾವುದು ಎರಡು ವಾರ ತಡವಾದರೂ ಏನೂ ಆಗುವುದಿಲ್ಲ ಎಂಬುದು ಮಾತ್ರ ಬರೆದು ಲೆಕ್ಕ ಹಾಕದೆ ಯಾರಿಗೂ ಹೊಳೆಯುವುದಿಲ್ಲ.

ಚಾರ್ಟ್ ಎಂದ ಕೂಡಲೇ ಗೆರೆ ಎಳೆಯಲು ಕೂರುವುದು ಸಾಮಾನ್ಯ. ನಾವು ಮೊದಲು ಹಿಡಿದದ್ದು ಅಳತೆ ಪಟ್ಟಿ. ಕೆಲಸಕ್ಕೆ ಎಷ್ಟು ದಿನ ಎಂಬುದು ಊಹೆಯಿಂದಲ್ಲ, ಪ್ರಮಾಣವನ್ನು ದಿನದ ಕೆಲಸದಿಂದ ಭಾಗಿಸಿ ಬರಬೇಕು. ಗೋಡೆಯನ್ನೇ ನೋಡಿ. ಹೊರಗೋಡೆ 38 ಮೀಟರ್, ಒಳಗೋಡೆ 24 ಮೀಟರ್. ಬೀಮ್ ಕೆಳಗಿನ ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿಗಳನ್ನು ಕಳೆದರೆ ಸುಮಾರು 140 ಚದರ ಮೀಟರ್ ಉಳಿಯುತ್ತದೆ. 20 ಸೆಂಟಿಮೀಟರ್ ದಪ್ಪಕ್ಕೆ ಅದು 28 ಘನ ಮೀಟರ್. ಒಬ್ಬ ಗಾರೆಯವರು ದಿನಕ್ಕೆ ಒಂದು ಘನ ಮೀಟರ್ ಕಟ್ಟುತ್ತಾರೆಂದು ಹಿಡಿದರೆ ಇಬ್ಬರಿಗೆ 14 ದಿನ. ಒಳ ಪ್ಲಾಸ್ಟರ್ ಸೀಲಿಂಗ್ ಸೇರಿ 290 ಚದರ ಮೀಟರ್. ಮೂವರು, ತಲೆಗೆ 8 ಚದರ ಮೀಟರ್, ಅಂದರೆ ಸುಮಾರು 12 ದಿನ. ಹೀಗೆ ಬಂದ ದಿನಗಳಿಗೆ ಒಂದು ಅನುಕೂಲವಿದೆ: ಕೆಲಸ ಹಿಂದೆ ಬಿದ್ದಾಗ ಜನ ಕಡಿಮೆಯಾದರೋ, ವೇಗ ಕಡಿಮೆಯಾಯಿತೋ ಎಂದು ಕೇಳಬಹುದು. "ಗೋಡೆಗೆ ಎರಡು ವಾರ ಸಾಕು" ಎಂದು ಬಾಯಿಮಾತಲ್ಲಿ ಬಂದ ಅಂಕಿಯನ್ನು ಏನೆಂದು ಪ್ರಶ್ನಿಸುವುದು?

ಎರಡನೆಯ ಹೆಜ್ಜೆ, ಪ್ರತಿ ಕೆಲಸದ ಮುಂದೆ ಅದಕ್ಕಿಂತ ಮೊದಲು ಮುಗಿದಿರಲೇಬೇಕಾದ ಕೆಲಸ ಯಾವುದು ಎಂದು ಬರೆಯುವುದು. "ಸಾಮಾನ್ಯವಾಗಿ ಇದಾದ ಮೇಲೆ ಅದು" ಎಂಬ ರೂಢಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪ್ಲಿಂತ್ ಒಳಗೆ ಮಣ್ಣು ತುಂಬುವುದಕ್ಕೂ ಕಾಲಂ ಏರಿಸುವುದಕ್ಕೂ ನೇರ ಸಂಬಂಧವಿಲ್ಲ, ಎರಡೂ ಪ್ಲಿಂತ್ ಬೀಮ್ ಆದ ಮೇಲೆ ಒಟ್ಟಿಗೆ ನಡೆಯಬಹುದು. ಆದರೆ ಮೋಲ್ಡಿನ ಸೆಂಟ್ರಿಂಗ್ ಮಾತ್ರ ಎರಡಕ್ಕೂ ಕಾಯಬೇಕು. ಅದನ್ನು ಹೊರುವ ಆಸರೆ ಕಂಬಗಳು, ಅಂದರೆ ಪ್ರಾಪ್‌ಗಳು, ನಿಲ್ಲುವುದು ಆ ತುಂಬಿದ ಮಣ್ಣಿನ ಮೇಲೆಯೇ. ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡದ ಮಣ್ಣಿನ ಮೇಲೆ ಪ್ರಾಪ್ ನಿಲ್ಲಿಸಿದರೆ ಕಾಂಕ್ರೀಟಿನ ಭಾರಕ್ಕೆ ಅದು ಕುಸಿದು, ಹಸಿ ಮೋಲ್ಡ್ ನಡುವೆ ಜೋತು ಗಟ್ಟಿಯಾಗುತ್ತದೆ. ಕೆಳಗಿನಿಂದ ದಾರ ಹಿಡಿದು ನೋಡಿದಾಗಷ್ಟೇ ಕಾಣುವ ದೋಷ ಅದು. ಈ ಒಂದು ಸಂಬಂಧ ಬರೆಯದಿದ್ದರೆ ಚಾರ್ಟಿನಲ್ಲಿ ಮಣ್ಣು ತುಂಬುವ ಪಟ್ಟಿ ಎಲ್ಲಿ ಬೇಕಾದರೂ ಜಾರಬಹುದು ಎಂಬಂತೆ ತೋರುತ್ತದೆ.

ಲೆಕ್ಕ ಮುಗಿದಾಗ ನಮ್ಮ ಪಟ್ಟಿ ಹೀಗಿತ್ತು. ವಾರಕ್ಕೆ ಆರು ಕೆಲಸದ ದಿನ. ಆರಂಭ 0 ಎಂದರೆ ಮೊದಲ ದಿನದ ಬೆಳಿಗ್ಗೆ, ಮುಕ್ತಾಯ 2 ಎಂದರೆ ಎರಡನೆಯ ದಿನದ ಸಂಜೆ.

| ಕೆಲಸ | ಅವಧಿ | ಆರಂಭ | ಮುಕ್ತಾಯ | ಫ್ಲೋಟ್ |
|---|---|---|---|---|
| ಮಾರ್ಕಿಂಗ್ | 2 | 0 | 2 | 0 |
| ಪಾಯ ಅಗೆಯುವುದು | 4 | 2 | 6 | 0 |
| ಪಿಸಿಸಿ, ಫುಟಿಂಗ್ | 6 | 6 | 12 | 0 |
| ಕೆಳಗಿನ ಕಾಲಂ, ಪ್ಲಿಂತ್ ಬೀಮ್ | 10 | 12 | 22 | 0 |
| ಪ್ಲಿಂತ್ ಮಣ್ಣು ತುಂಬುವುದು | 4 | 22 | 26 | 2 |
| ಮೇಲಿನ ಕಾಲಂ | 6 | 22 | 28 | 0 |
| ಸೆಂಟ್ರಿಂಗ್, ಕಂಬಿ, ಮೋಲ್ಡಿನ ಪೈಪ್ | 10 | 28 | 38 | 0 |
| ಮೋಲ್ಡ್ ಕಾಂಕ್ರೀಟ್ | 1 | 38 | 39 | 0 |
| ಮೋಲ್ಡ್ ಕಾಯುವುದು | 12 | 39 | 51 | 0 |
| ಸೆಪ್ಟಿಕ್ ಟ್ಯಾಂಕ್ | 8 | 39 | 47 | 68 |
| ಸೆಂಟ್ರಿಂಗ್ ಬಿಚ್ಚುವುದು | 2 | 51 | 53 | 0 |
| ಬಾಗಿಲು ಕಿಟಕಿ ಚೌಕಟ್ಟು ತರಿಸುವುದು | 24 | 0 | 24 | 29 |
| ಗೋಡೆ, ಲಿಂಟಲ್ | 14 | 53 | 67 | 0 |
| ಪ್ಯಾರಪೆಟ್ | 5 | 67 | 72 | 27 |
| ಗೋಡೆ ಒಳಗಿನ ನೀರಿನ ಪೈಪ್ | 6 | 67 | 73 | 0 |
| ಗೋಡೆ ಒಳಗಿನ ಕರೆಂಟ್ ಪೈಪ್ | 5 | 67 | 72 | 1 |
| ಒಳ ಪ್ಲಾಸ್ಟರ್ | 12 | 73 | 85 | 0 |
| ಒಳ ಪ್ಲಾಸ್ಟರ್ ಕ್ಯೂರಿಂಗ್ | 6 | 85 | 91 | 0 |
| ನೆಲದಡಿಯ ಕಾಂಕ್ರೀಟ್ | 4 | 85 | 89 | 2 |
| ಹೊರ ಪ್ಲಾಸ್ಟರ್ | 8 | 85 | 93 | 14 |
| ಹೊರ ಪ್ಲಾಸ್ಟರ್ ಕ್ಯೂರಿಂಗ್ | 6 | 93 | 99 | 14 |
| ವೈರ್ ಎಳೆಯುವುದು | 4 | 91 | 95 | 14 |
| ಟೈಲ್ಸ್ | 10 | 91 | 101 | 0 |
| ಹೊರ ಬಣ್ಣ | 5 | 99 | 104 | 14 |
| ಬಾಗಿಲು, ಕಿಟಕಿ ಕೂರಿಸುವುದು | 6 | 101 | 107 | 2 |
| ಪುಟ್ಟಿ, ಪ್ರೈಮರ್ | 8 | 101 | 109 | 0 |
| ಒಳ ಬಣ್ಣ | 6 | 109 | 115 | 0 |
| ನಲ್ಲಿ, ಸ್ವಿಚ್, ಫಿಟ್ಟಿಂಗ್ | 3 | 115 | 118 | 0 |
| ಪರೀಕ್ಷೆ, ಸ್ವಚ್ಛತೆ | 2 | 118 | 120 | 0 |

ಆರಂಭ, ಮುಕ್ತಾಯಗಳನ್ನು ಮೇಲಿನಿಂದ ಕೆಳಗೆ ಕೂಡಿಸುತ್ತ ಬಂದೆವು. ಎರಡು ಕೆಲಸಗಳಿಗೆ ಕಾಯಬೇಕಾದಲ್ಲಿ ತಡವಾಗಿ ಮುಗಿಯುವುದೇ ಲೆಕ್ಕಕ್ಕೆ. ಸೆಂಟ್ರಿಂಗಿಗೆ 26 ಮತ್ತು 28 ಎರಡೂ ಬೇಕು, ಹಾಗಾಗಿ ಅದರ ಆರಂಭ 28. ಆಮೇಲೆ 120ರಿಂದ ಹಿಂದಕ್ಕೆ ಕಳೆಯುತ್ತ ಬಂದರೆ ಪ್ರತಿ ಕೆಲಸವೂ ಎಷ್ಟು ತಡವಾಗಿ ಮುಗಿಯಬಹುದು ಎಂಬುದು ಸಿಗುತ್ತದೆ. ಆ ಎರಡು ಮುಕ್ತಾಯಗಳ ವ್ಯತ್ಯಾಸವೇ ಫ್ಲೋಟ್. ಫ್ಲೋಟ್ ಸೊನ್ನೆ ಇದ್ದದ್ದೆಲ್ಲ ಕ್ರಿಟಿಕಲ್, ಚಾರ್ಟಿನಲ್ಲಿ ಕೆಂಪು: ಅದು ಒಂದು ದಿನ ತಡವಾದರೆ ಮನೆಯೂ ಒಂದು ದಿನ ತಡ. ಸೊನ್ನೆಯ ಸಾಲುಗಳ ಅವಧಿಯನ್ನಷ್ಟೇ ಕೂಡಿಸಿ ನೋಡಿ, 120 ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಸಂಬಂಧ ಬಿಟ್ಟುಹೋಗಿದೆ. (ಎರಡು ಕ್ರಿಟಿಕಲ್ ದಾರಿ ಒಟ್ಟಿಗಿದ್ದರೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ.)

ಪಟ್ಟಿಯಲ್ಲಿ ಅತಿ ಹೆಚ್ಚು ಮಂದಿ ಎಡವುವುದು ಕೆಲಸಗಾರರೇ ಇಲ್ಲದ ಸಾಲುಗಳಲ್ಲಿ. ಮೋಲ್ಡ್ ಕಾಯುವ ದಿನಗಳಿಗೆ ಸಾಲೇ ಹಾಕದೆ "ಮೋಲ್ಡ್" ಪಟ್ಟಿಯ ತುದಿಗೆ "ಗೋಡೆ" ಪಟ್ಟಿಯನ್ನು ಅಂಟಿಸಿದ ಚಾರ್ಟ್‌ಗಳು ಎಷ್ಟೋ ಇವೆ. ಅಲ್ಲಿಗೆ ಎರಡು ವಾರ ಕಾಗದದ ಮೇಲೆ ಮಾಯ. ಹಾಗಾಗಿ ಕಾಯುವುದಕ್ಕೂ ಒಂದು ಸಾಲು ಕೊಟ್ಟು, ಬಣ್ಣ ತುಂಬದೆ ಓರೆ ಗೆರೆ ಹಾಕಿದೆವು: ಇಲ್ಲಿ ಜನ ಇಲ್ಲ, ಕಾಲ ಮಾತ್ರ ಇದೆ ಎಂದು ನೋಡಿದ ಕೂಡಲೇ ತಿಳಿಯಲಿ ಎಂದು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಕಾಂಕ್ರೀಟಿಗೆ ಭಾನುವಾರ ರಜೆಯಿಲ್ಲ. 14 ದಿನ ಕಾಯಬೇಕು ಎಂದರೆ ಕ್ಯಾಲೆಂಡರಿನ 14 ದಿನ, ಆರು ದಿನದ ವಾರದಲ್ಲಿ ಅದು 12 ಕೆಲಸದ ದಿನ. ಮೊದಲ ದಿನ ಸೋಮವಾರವಾದರೆ 39ನೆಯ ದಿನ ಬುಧವಾರ ಬರುತ್ತದೆ. ಎರಡು ವಾರ ಬಿಟ್ಟು ಬರುವ ಬುಧವಾರ 51ನೆಯದು. ಸಾಫ್ಟ್‌ವೇರಿನಲ್ಲಿ ಹಾಗೇ 14 ಎಂದು ಒತ್ತಿದರೆ ಅದು ಕೆಲಸದ ದಿನ ಎಂದುಕೊಂಡು 53ಕ್ಕೆ ತಳ್ಳುತ್ತದೆ. ಪ್ಲಾಸ್ಟರಿನ 7 ದಿನ ಕ್ಯೂರಿಂಗಿನಲ್ಲೂ ಹೀಗೇ ಒಂದು ದಿನ ಸೇರಿಕೊಳ್ಳುತ್ತದೆ. ಎರಡೂ ಕ್ರಿಟಿಕಲ್ ಸಾಲುಗಳಾದ್ದರಿಂದ ಮನೆಗೆ ಮೂರು ದಿನ ಸುಮ್ಮನೆ ಹೆಚ್ಚು. ಹಬ್ಬದ ರಜೆಗಳ ವಿಷಯವೂ ಇದೇ. ಅವನ್ನು ಕೆಲಸದ ಅವಧಿಯೊಳಗೆ ಸೇರಿಸದೆ ಕ್ಯಾಲೆಂಡರಿನಲ್ಲೇ ಗುರುತಿಸಬೇಕು. ಇಲ್ಲದಿದ್ದರೆ ಆರಂಭದ ದಿನ ಬದಲಾದ ಕೂಡಲೇ ರಜೆಗಳು ಬೇರೆ ಕೆಲಸದ ಮೇಲೆ ಬಂದು ಕೂರುತ್ತವೆ, ಅವಧಿ ಮಾತ್ರ ಹಳೆಯದೇ ಉಳಿಯುತ್ತದೆ.

ಆ 14 ದಿನವನ್ನೇ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, 15 ಡಿಗ್ರಿಗಿಂತ ತಣ್ಣಗಿಲ್ಲದ ಹವೆಯಲ್ಲಿ, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವಂತೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಪ್ರಾಪ್‌ಗಳನ್ನು 7 ದಿನಕ್ಕೆ ತೆಗೆಯಬಹುದು. ಕೋಣೆಗಳೆಲ್ಲ 4.5 ಮೀಟರ್ ಒಳಗೇ ಇವೆ. ಹಾಗಾದರೆ ಒಂದು ವಾರ ಉಳಿಯಿತಲ್ಲ ಎನ್ನಿಸುವುದು ಸಹಜ. ಆದರೆ 6 ಮೀಟರ್‌ವರೆಗಿನ ಬೀಮ್‌ಗಳ ಪ್ರಾಪ್ 14 ದಿನ ನಿಲ್ಲಬೇಕು, ಮತ್ತು ಗೋಡೆ ಏಳುವುದು ಬೀಮಿನ ನೇರ ಕೆಳಗೆ, ಆ ಪ್ರಾಪ್‌ಗಳಿರುವ ಸಾಲಿನಲ್ಲೇ. ಕೋಣೆಯ ನಡುಭಾಗ ಖಾಲಿಯಾದರೂ ಗೋಡೆಗೆ ಜಾಗವಿಲ್ಲ. ಅಲ್ಲಿ ಬೇಗ ಬಿಚ್ಚಿದ ಪ್ಲೇಟುಗಳಿಂದ ಸೆಂಟ್ರಿಂಗ್ ಬಾಡಿಗೆ ಉಳಿಯಬಹುದು, ಮನೆಯ ದಿನ ಉಳಿಯುವುದಿಲ್ಲ. ಮಿಶ್ರ ಸಿಮೆಂಟ್ ಬಳಸಿದರೆ ಕಾಯುವ ಕಾಲ ಇನ್ನೂ ಹೆಚ್ಚಬಹುದಾದ್ದರಿಂದ, ಆ ಸಾಲಿನ ಅಂಕಿಯನ್ನು ಎಂಜಿನಿಯರ್ ಕೊಟ್ಟ ಮೇಲಷ್ಟೇ ಬರೆಯಬೇಕು.

ಅಗೆತ, ಫುಟಿಂಗ್, ಕಾಲಂ ಸಾಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಒಂದರ ಹಿಂದೆ ಒಂದು ನೇರ ಸಾಗುತ್ತವೆ, ತಲೆನೋವು ಶುರುವಾಗುವುದು ಗೋಡೆ ಎದ್ದ ಮೇಲೆ.

ಗೋಡೆಯ 67ಕ್ಕೂ ಪ್ಲಾಸ್ಟರಿನ 73ಕ್ಕೂ ನಡುವೆ ಆರು ದಿನವಿದೆ. ನೀರಿನ ಪೈಪ್‌ಗೆ ಗೋಡೆ ಕೊರೆದು, ಪೈಪ್ ಇಟ್ಟು, ಒತ್ತಡ ಹಾಕಿ ಸೋರಿಕೆ ನೋಡುವವರೆಗೆ ಬಚ್ಚಲಿನ ಗೋಡೆ ಮುಚ್ಚುವಂತಿಲ್ಲ. ಗಾರೆಯವರಿಗೆ ಒಳಗೆ ಕೆಲಸವಿಲ್ಲದ ದಿನಗಳಿವು. ಖಾಲಿ ಕೂತರೆ ಅವರು ಬೇರೆ ಸೈಟಿಗೆ ಹೋಗುತ್ತಾರೆ, 73ರಂದು ವಾಪಸ್ ಬರುತ್ತಾರೆಂಬ ಭರವಸೆಯಿಲ್ಲ. ಅದಕ್ಕೇ ಪ್ಯಾರಪೆಟ್‌ನ 5 ದಿನಗಳನ್ನು ಬೇಕೆಂದೇ ಅಲ್ಲಿ ಇಟ್ಟೆವು. ಸೆಪ್ಟಿಕ್ ಟ್ಯಾಂಕನ್ನು ಮೋಲ್ಡ್ ಕಾಯುವ ದಿನಗಳಿಗೆ ತಂದದ್ದೂ ಹಾಗೆಯೇ. ಕೊನೆಗೆ ಬಿಟ್ಟರೆ ಅದರ ಗುಂಡಿ ಹೊರ ಪ್ಲಾಸ್ಟರಿನ ಸಾರುವೆಗೆ ಅಡ್ಡ ಬರುತ್ತದೆ.

ಪ್ಯಾರಪೆಟ್ ಸಾಲಿನಲ್ಲಿರುವ 27ನ್ನು ಮಾತ್ರ ಹಾಗೇ ನಂಬಬಾರದು. ಕೆಲಸಗಳ ಸಂಬಂಧವನ್ನಷ್ಟೇ ನೋಡಿದರೆ ಅಷ್ಟು ದಿನ ಜಾರಬಹುದು, ನಿಜ. ಆದರೆ ಅದೇ ಗಾರೆಯವರು 73ರಂದು ಒಳ ಪ್ಲಾಸ್ಟರಿಗೆ ಬೇಕು. ಪ್ಯಾರಪೆಟ್ 73 ದಾಟಿತೋ, ಅವರು ಅದನ್ನು ಅರ್ಧಕ್ಕೆ ಬಿಟ್ಟು ಬರಬೇಕು, ಇಲ್ಲವೇ ಪ್ಲಾಸ್ಟರ್ ತಡವಾಗಬೇಕು. ನಿಜವಾದ ಸಡಿಲ ಒಂದೇ ದಿನ. ಜನರ ಕೈಗಳು ಲೆಕ್ಕಕ್ಕೆ ಬಾರದ ಫ್ಲೋಟ್ ಅರ್ಧ ಸತ್ಯವಷ್ಟೇ. ಆ ಸಾಲಿನ ಪಕ್ಕದಲ್ಲಿ "ಅದೇ ಗ್ಯಾಂಗ್" ಎಂದು ಬರೆದಿಡುವುದು ನಮ್ಮ ಅಭ್ಯಾಸ.

ಒಂದೇ ಗ್ಯಾಂಗಿನ ಪ್ರಶ್ನೆ ಹೊರ ಪ್ಲಾಸ್ಟರಿನಲ್ಲಿ ಇನ್ನೂ ಸ್ಪಷ್ಟ. ಒಳಗಿನದು ಮುಗಿಸಿ ಹೊರಗೆ ಹೋದರೆ 85ರಿಂದ 93, ಆಮೇಲೆ ಕ್ಯೂರಿಂಗ್, ಹೊರ ಬಣ್ಣ, ಎಲ್ಲ 104ಕ್ಕೆ ಮುಗಿದು 14 ದಿನ ಉಳಿದಿರುತ್ತದೆ. ಅದೇ ಗ್ಯಾಂಗ್ ಮೊದಲು ಹೊರಗೆ ಮಾಡಿದರೆ ಒಳ ಪ್ಲಾಸ್ಟರ್ 81ಕ್ಕೆ ಶುರು, ಮನೆ 128ಕ್ಕೆ. ಕೆಲಸ ಅಷ್ಟೇ, ಜನ ಅಷ್ಟೇ, ಸರದಿ ಅದಲುಬದಲಾದದ್ದಕ್ಕೆ ಎಂಟು ದಿನ. ಮಳೆಗಾಲ ಹತ್ತಿರವಾಗಿ ಹೊರಗಿನದನ್ನೇ ಮೊದಲು ಮುಗಿಸಬೇಕಾದ ಸಂದರ್ಭ ಬರಬಹುದು. ಆಗ ಎಂಟು ದಿನ ಕೊಟ್ಟು ಕೊಂಡ ನಿರ್ಧಾರ ಅದು ಎಂದು ಮನೆಯವರಿಗೆ ಮೊದಲೇ ಹೇಳಬಹುದು, ಇಲ್ಲವೇ ಹೊರಗೆ ಬೇರೆ ಗ್ಯಾಂಗ್ ಹಾಕಬಹುದು.

ಚೌಕಟ್ಟು ತರಿಸುವ ಸಾಲು ಸೈಟಿನಲ್ಲಿ ಕಾಣದ ಕೆಲಸ, ಆದ್ದರಿಂದಲೇ ಹೆಚ್ಚಿನ ಚಾರ್ಟ್‌ಗಳಲ್ಲಿ ಇರುವುದಿಲ್ಲ. ಗೋಡೆ ಕಟ್ಟುವಾಗಲೇ ಚೌಕಟ್ಟು ನಿಲ್ಲಿಸುವ ಪದ್ಧತಿಯಾದರೆ 53ಕ್ಕೆ ಅವು ಸೈಟಿನಲ್ಲಿರಬೇಕು. ಬಡಗಿ ಕೇಳುವ 24 ದಿನ ಕಳೆದರೆ 29ನೆಯ ದಿನದ ಸಂಜೆ ಆರ್ಡರ್ ಕೊಡಲು ಕೊನೆಯ ಗಡುವು. ಅಂದು ಸೈಟಿನಲ್ಲಿ ಸೆಂಟ್ರಿಂಗ್ ಶುರುವಾಗಿ ಒಂದು ದಿನವಾಗಿರುತ್ತದೆ, ಬಾಗಿಲಿನ ನೆನಪು ಯಾರಿಗೂ ಇರುವುದಿಲ್ಲ. ಹಾಗಾಗಿ ಪಟ್ಟಿಯ ಜೊತೆಗೆ 29ರ ಮೇಲೆ ಒಂದು ತ್ರಿಕೋನ ಗುರುತು ಹಾಕಿದೆವು.

ಇಷ್ಟಾದ ಮೇಲೆ ಗೆರೆ ಎಳೆಯುವುದು ಅರ್ಧ ಗಂಟೆಯ ಕೆಲಸ. ಸ್ಪ್ರೆಡ್‌ಶೀಟಿನಲ್ಲಿ `A` ಕಾಲಂನಲ್ಲಿ ಕೆಲಸ, `B` ಅವಧಿ, `C` ಹಿಂದಿನ ಕೆಲಸ, `D` ಆರಂಭ, `E` ಮುಕ್ತಾಯ, `F` ತಡವಾದ ಮುಕ್ತಾಯ, `G` ಫ್ಲೋಟ್. `H1`ರಿಂದ ಬಲಕ್ಕೆ 1, 2, 3 ಎಂದು 120ರವರೆಗೆ ದಿನಗಳು. ಮೊದಲ ಕೆಲಸ ಎರಡನೆಯ ಸಾಲಿನಲ್ಲಿ. `G2`ರಲ್ಲಿ `=F2-E2`. `H2`ರಿಂದ ಕೊನೆಯ ಚೌಕದವರೆಗೆ ಆಯ್ದು, ಕಂಡೀಷನಲ್ ಫಾರ್ಮ್ಯಾಟಿಂಗಿನಲ್ಲಿ ಈ ಎರಡು ನಿಯಮ ಕೊಡಬೇಕು. ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ನೀಲಿ:

```
=AND($G2=0,H$1>$D2,H$1<=$E2)
=AND(H$1>$D2,H$1<=$E2)
```

ಕೆಂಪಿನ ನಿಯಮ ಮೇಲಿರಬೇಕು. ಕೆಳಗಾದರೆ ಎಲ್ಲವೂ ನೀಲಿಯಾಗಿ ಕಾಣುತ್ತದೆ. `E`ಯಿಂದ `F`ವರೆಗೆ ತಿಳಿ ಬೂದು ಬಣ್ಣದ ಮೂರನೆಯ ನಿಯಮ ಹಾಕಿದರೆ ಫ್ಲೋಟ್ ಕೂಡ ಕಣ್ಣಿಗೆ ಬೀಳುತ್ತದೆ. ಸೈಟಿನ ಗೋಡೆಗೆ ಅಂಟಿಸುವ ಪ್ರತಿಯಲ್ಲಿ ದಿನದ ಬದಲು ವಾರದ ಕಾಲಂ ಸಾಕು, ಇಪ್ಪತ್ತು ಕಾಲಂ ಒಂದು ಹಾಳೆಗೆ ಹಿಡಿಸುತ್ತದೆ.

ದಿನ ಉಳಿಸಬೇಕೆಂದಾಗ ಕೆಂಪು ಸಾಲುಗಳಲ್ಲಿ ಮಾತ್ರ ಕೈ ಹಾಕಬೇಕು, ಅಲ್ಲೂ ಪಕ್ಕದ ನೀಲಿ ಸಾಲನ್ನು ನೋಡಿಕೊಂಡು. ಪ್ಲಂಬರ್ ಇನ್ನೊಬ್ಬರನ್ನು ಕರೆತಂದು 6 ದಿನದ ಕೆಲಸವನ್ನು 4 ದಿನಕ್ಕೆ ಇಳಿಸಿದರೆ ಎರಡು ದಿನ ಉಳಿಯಬೇಕಿತ್ತು. ಉಳಿಯುವುದು ಒಂದೇ, ಯಾಕೆಂದರೆ ಕರೆಂಟ್ ಪೈಪ್‌ಗೆ 5 ದಿನ ಬೇಕೇ ಬೇಕು, ಪ್ಲಾಸ್ಟರ್ ಅದಕ್ಕೂ ಕಾಯುತ್ತದೆ. ಕೆಂಪು ಗೆರೆ ಅಲ್ಲಿಂದ ಎಲೆಕ್ಟ್ರಿಷಿಯನ್ ಸಾಲಿಗೆ ಹಾರಿರುತ್ತದೆ. ಎರಡನೆಯ ದಿನಕ್ಕೆ ಕೊಟ್ಟ ಕೂಲಿ ವ್ಯರ್ಥ.

ಚಾರ್ಟಿಗೆ ನಿಜವಾದ ಪರೀಕ್ಷೆ ವಾರದ ಕೊನೆಯ ತಪಾಸಣೆಯಲ್ಲಿ. 60ನೆಯ ದಿನ, ಶನಿವಾರ ಸಂಜೆಯ ಲೆಕ್ಕ ನೋಡಿ. ಗೋಡೆ ಶುರುವಾಗಿ 7 ದಿನ, 14 ಘನ ಮೀಟರ್ ಆಗಿರಬೇಕಿತ್ತು. ಟೇಪ್ ಹಿಡಿದು ಅಳೆದರೆ 10 ಆಗಿದೆ. "ಎಷ್ಟು ಆಯಿತು?" ಎಂದು ಕೇಳಿದರೆ "ಅರ್ಧ ಆಯ್ತು ಸರ್" ಎಂಬ ಉತ್ತರ ಬರುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ, ಎಲ್ಲ ಕಡೆ ಗೋಡೆ ಲಿಂಟಲ್ ಹತ್ತಿರ ಬಂದಿರುತ್ತದೆ. ಕೇಳಬೇಕಾದದ್ದು ಇನ್ನು ಎಷ್ಟು ದಿನ ಎಂದು. ಉಳಿದ 18 ಘನ ಮೀಟರನ್ನು ಮೊದಲು ಅಂದುಕೊಂಡ ದಿನಕ್ಕೆ 2ರಿಂದ ಭಾಗಿಸಿದರೆ 9 ದಿನ, ಗೋಡೆ 69ಕ್ಕೆ ಮುಗಿಯುತ್ತದೆ ಎಂದಾಗುತ್ತದೆ. ಆದರೆ ಈ ಏಳು ದಿನದಲ್ಲಿ ಕಂಡ ವೇಗ ದಿನಕ್ಕೆ ಸುಮಾರು 1.4. ಆ ವೇಗದಲ್ಲಿ 13 ದಿನ, 73ಕ್ಕೆ ಹೋಗುತ್ತದೆ. ಯಾವುದನ್ನು ಬರೆಯುವುದು ಎಂಬುದು ಕಾರಣದ ಮೇಲೆ ನಿಂತಿದೆ. ಲಿಂಟಲಿನ ಶಟರಿಂಗ್ ಬಾರದೆ ಕೆಲಸ ನಿಂತಿದ್ದರೆ ಅದು ಒಮ್ಮೆ ಆದ ನಷ್ಟ, ಮುಂದೆ ಹಳೆಯ ವೇಗ ಸಿಗುತ್ತದೆ. ಬ್ಲಾಕ್ ಎತ್ತಿ ಕೊಡುವ ಹೆಲ್ಪರ್ ಕಡಿಮೆಯಾಗಿ ಪ್ರತಿದಿನವೂ ನಿಧಾನವಾಗಿದ್ದರೆ ಲಿಂಟಲ್ ಮೇಲೆ ಸಾರುವೆ ಹತ್ತಿದಾಗ ಇನ್ನೂ ನಿಧಾನವೇ ಆಗುತ್ತದೆ, ಆಗ 73ನ್ನೇ ಬರೆಯಬೇಕು.

ಎರಡನೆಯದೇ ಕಾರಣ ಎಂದಿಟ್ಟುಕೊಳ್ಳೋಣ. ಪ್ಲಾಸ್ಟರಿಗೆಂದು ಬರಬೇಕಿದ್ದ ಮೂರನೆಯ ಗಾರೆಯವರನ್ನು, ಜೊತೆಗೊಬ್ಬ ಹೆಲ್ಪರನ್ನು ಸೋಮವಾರದಿಂದಲೇ ಕರೆಸಿದರೆ ಈಗಿನ ತಲಾ ವೇಗದಲ್ಲೇ ದಿನಕ್ಕೆ 2.1 ಘನ ಮೀಟರ್, ಉಳಿದದ್ದು 9 ದಿನ, ಗೋಡೆ 69ಕ್ಕೆ. ಎರಡು ದಿನದ ಬಾಕಿ ಉಳಿಯಿತು. ನಾಲ್ಕನೆಯವರನ್ನೂ ಗೋಡೆಗೇ ಹಾಕಿ ಅದನ್ನೂ ಹಿಡಿಯಲು ಹೋಗಬಾರದು. ಹಸಿ ಗೋಡೆಯನ್ನು ಒಂದೇ ದಿನ ಮೀಟರಿಗಿಂತ ಹೆಚ್ಚು ಏರಿಸಿದರೆ ಕೆಳಗಿನ ಗಾರೆ ಭಾರಕ್ಕೆ ಹಿಂಡಿ ಗೋಡೆ ತೂಕ ತಪ್ಪುತ್ತದೆ. ಆ ನಾಲ್ಕನೆಯವರಿಗೆ ಜಾಗವಿರುವುದು ಪ್ಲಾಸ್ಟರಿನಲ್ಲಿ, ಕೋಣೆಗೊಬ್ಬರಂತೆ ಹಂಚಬಹುದು. ನಾಲ್ವರಿಗೆ ದಿನಕ್ಕೆ 32 ಚದರ ಮೀಟರ್, 290ಕ್ಕೆ 9 ದಿನ ತುಸು ದಾಟುತ್ತದೆ, 10 ಎಂದೇ ಹಿಡಿಯೋಣ. ಗೋಡೆ 69, ಪೈಪ್ 75, ಪ್ಲಾಸ್ಟರ್ 85. ಚಾರ್ಟಿನಲ್ಲಿ ಹಳೆಯ ಪಟ್ಟಿಗಳನ್ನು ಅಳಿಸದೆ ಅವುಗಳ ಕೆಳಗೇ ಹೊಸ ಪಟ್ಟಿ ಎಳೆದು, ಚೌಕಟ್ಟಿನ ಬಡಗಿಗೆ ಏನೂ ಹೇಳಬೇಕಿಲ್ಲ, ಪ್ಲಂಬರ್‌ಗೂ ಎಲೆಕ್ಟ್ರಿಷಿಯನ್‌ಗೂ ಮಾತ್ರ 68ರ ಬದಲು 70ಕ್ಕೆ ಬನ್ನಿ ಎಂದು ಅಂದೇ ಸಂಜೆ ಫೋನ್ ಮಾಡಬೇಕು.